ಗಣ್ಯ ಅತಿಥಿ ಬರುವ ಮುನ್ನ ಸಿಬ್ಬಂದಿಗೆ ಕೊಡುವ ಸೂಚನಾ ಪತ್ರ: ಏನು ಬರೆಯಬೇಕು, ಯಾರಿಗೆ ಎಷ್ಟು ಹೇಳಬೇಕು

ಹೋಟೆಲಿಗೆ ಗಣ್ಯರೊಬ್ಬರು ಬರುತ್ತಾರೆಂದು ಗೊತ್ತಾದ ಕೂಡಲೇ ಅನೇಕ ಕಡೆ ನಡೆಯುವುದು ಇಷ್ಟು: ಅವರ ಕಾರ್ಯದರ್ಶಿ ಕಳಿಸಿದ ಇಮೇಲ್ ಅನ್ನು ಇದ್ದಂತೆಯೇ ಮುದ್ರಿಸಿ ಎಲ್ಲ ವಿಭಾಗಗಳಿಗೂ ಹಂಚಲಾಗುತ್ತದೆ. ಹೆಸರು, ಕೊಠಡಿ ಸಂಖ್ಯೆ, ಬರುವ ಹೊತ್ತು, ಇರುವ ಕಾಯಿಲೆ ಎಲ್ಲವೂ ಒಂದೇ ಹಾಳೆಯಲ್ಲಿ ಇರುತ್ತವೆ. ಆ ಹಾಳೆಯ ಫೋಟೊ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಅಲ್ಲಿಂದ ಮನೆಯವರಿಗೆ ಹೋಗುತ್ತದೆ, ಸಂಜೆಯ ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿರುತ್ತಾರೆ. ಇತ್ತ ಕೊಠಡಿಯಲ್ಲಿ ಅತಿಥಿ ಬೇಡವೆಂದು ಹೇಳಿದ್ದ ಹೂವಿನ ಬುಟ್ಟಿ ಹಾಗೆಯೇ ಕೂತಿರುತ್ತದೆ, ಏಕೆಂದರೆ ಹೂವು ಇಡುವವರು ಆ ಎರಡು ಪುಟದ ಇಂಗ್ಲಿಷ್ ಇಮೇಲ್ ಅನ್ನು ಓದಿರುವುದಿಲ್ಲ. ತಿಳಿಯಬಾರದವರಿಗೆ ಎಲ್ಲವೂ ತಿಳಿದು, ಮಾಡಬೇಕಾದವರಿಗೆ ಬೇಕಾದ್ದು ತಿಳಿಯದೆ ಹೋಗುವುದು ಹೀಗೆ.

ಸೂಚನಾ ಪತ್ರ ಬರೆಯುವಾಗ ಎದುರಿಗಿಟ್ಟುಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಕೆಲಸಗಾರ ತನ್ನ ಪಾಲಿನ ಕೆಲಸವನ್ನು ತಪ್ಪಿಲ್ಲದೆ ಮಾಡಲು ಏನು ತಿಳಿದಿರಬೇಕು? ಅಷ್ಟನ್ನು ಪೂರ್ತಿಯಾಗಿ ಹೇಳಬೇಕು, ಅದಕ್ಕಿಂತ ಹೆಚ್ಚನ್ನು ಹೇಳಬಾರದು. ಇದು ಸಿಬ್ಬಂದಿಯ ಮೇಲಿನ ಅಪನಂಬಿಕೆಯಿಂದ ಬಂದ ಮಾತಲ್ಲ. ತಿಳಿದಿರದ ವಿಷಯವನ್ನು ಯಾರೂ ಬಾಯಿತಪ್ಪಿ ಹೇಳಲಾರರು. ಸುದ್ದಿ ಹೊರಗೆ ಹೋದರೆ ಮೊದಲು ಅನುಮಾನಕ್ಕೆ ಗುರಿಯಾಗುವ ರೂಮ್ ಬಾಯ್‌ಗೂ ಟೆಲಿಫೋನ್ ಆಪರೇಟರಿಗೂ ಅದು ರಕ್ಷಣೆಯೇ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆಯನ್ನು ಹಿಡಿದುಕೊಳ್ಳೋಣ. ಮೈಸೂರಿನಲ್ಲಿ, ಅರಮನೆಗೆ ಹತ್ತಿರದಲ್ಲೇ, ಹಳೆಯ ಬಂಗಲೆಯೊಂದನ್ನು ಹೋಟೆಲ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಕಾಲದಲ್ಲಿ ನಾಡಿಗೆಲ್ಲ ಪರಿಚಿತರಾಗಿದ್ದ, ಈಗ ಹೊರಗೆ ಕಾಣಿಸಿಕೊಳ್ಳದ ಹಿರಿಯ ನಟಿಯೊಬ್ಬರು ಮಗಳೊಡನೆ ಎರಡು ರಾತ್ರಿ ತಂಗಲು ಬರುತ್ತಿದ್ದಾರೆ. ಆರು ವಾರದ ಹಿಂದೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ. ವಾಕರ್ ಹಿಡಿದು ಸ್ವಲ್ಪ ನಡೆಯುತ್ತಾರೆ, ಉಳಿದಂತೆ ವೀಲ್‌ಚೇರ್. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕಡಲೆಕಾಯಿಯ ಅಲರ್ಜಿ ಇದೆ, ಗಾಢವಾದ ಸುವಾಸನೆಯಿಂದ ಉಬ್ಬಸ ಬರುತ್ತದೆ. ಭಾನುವಾರ ಮಧ್ಯಾಹ್ನ 12:30ಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದು ರಸ್ತೆಯ ಮೂಲಕ ಬರುತ್ತಾರೆ. ಯಾರಿಗೂ ತಿಳಿಯಬಾರದು ಎಂಬುದು ಅವರ ಒಂದೇ ಕೋರಿಕೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅತಿಥಿಗೆ ಸರ್ಕಾರದ ಭದ್ರತೆ ಇದ್ದರೆ, ಅಂದರೆ ಝಡ್ ಅಥವಾ ವೈ ಶ್ರೇಣಿಯವರಾದರೆ, ದಾರಿ, ಬಾಗಿಲು, ಮಹಡಿ ಎಲ್ಲವನ್ನೂ ನಿರ್ಧರಿಸುವವರು ಪೊಲೀಸರು. ಆಗ ಹೋಟೆಲಿನ ಪತ್ರ ಅವರ ಆದೇಶವನ್ನು ಸಿಬ್ಬಂದಿಗೆ ತಿಳಿಸುವುದಕ್ಕಷ್ಟೇ ಸೀಮಿತ. ಈ ಲೇಖನ ಖಾಸಗಿಯಾಗಿ ಬರುವ ಗಣ್ಯರನ್ನು ಕುರಿತದ್ದು.

ಮೊದಲು ಮಾಹಿತಿಯನ್ನು ಖಚಿತಪಡಿಸಿಕೊಳ್ಳಿ

ಬಂದ ಮಾಹಿತಿಯನ್ನು ನೇರವಾಗಿ ಪತ್ರಕ್ಕೆ ಇಳಿಸಬೇಡಿ. ಎರಡು ಮೂರು ದಿನ ಮುಂಚೆ ಅತಿಥಿಯ ಜೊತೆಗೇ ಇರುವವರೊಬ್ಬರೊಡನೆ, ಇಲ್ಲಿ ಮಗಳೊಡನೆ, ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿ. ಕಾರ್ಯದರ್ಶಿಯ ಬಳಿ ಇರುವುದು ಸಾಮಾನ್ಯವಾಗಿ ಹಳೆಯ ಪಟ್ಟಿ. ಹಿಂದಿನ ವರ್ಷ ಇಷ್ಟವಾಗಿದ್ದ ಮೆತ್ತನೆಯ ಸೋಫಾ ಮಂಡಿ ಆಪರೇಷನ್ ಆದ ಮೇಲೆ ಶಿಕ್ಷೆಯಾಗುತ್ತದೆ.

ಕೇಳುವ ಪ್ರಶ್ನೆಗಳು ನಿರ್ದಿಷ್ಟವಾಗಿರಬೇಕು. "ಸಸ್ಯಾಹಾರಿಗಳೇ?" ಎಂದು ಕೇಳಿ ನಿಲ್ಲಿಸಿದರೆ ಅಡುಗೆಮನೆಗೆ ಪ್ರಯೋಜನವಿಲ್ಲ, ಮೊಟ್ಟೆ ಆಗುತ್ತದೆಯೇ, ಈರುಳ್ಳಿ ಬೆಳ್ಳುಳ್ಳಿ ಹಾಕಬಹುದೇ, ಏಕಾದಶಿಯಂಥ ಉಪವಾಸದ ದಿನ ಯಾವುದಾದರೂ ಬರುತ್ತದೆಯೇ ಎಂದು ಕೇಳಬೇಕು. ರಾತ್ರಿ ಊಟ ಎಷ್ಟು ಹೊತ್ತಿಗೆ, ಊಟಕ್ಕೆ ಎಷ್ಟು ಮುಂಚೆ ಇನ್ಸುಲಿನ್, ಕಮೋಡ್ ಎತ್ತರಿಸುವ ಸೀಟು ಅವರೇ ತರುತ್ತಾರೆಯೇ ನಾವು ಇಡಬೇಕೇ, ಕಾರಿನಲ್ಲಿ ಮುಂದಿನ ಸೀಟೋ ಹಿಂದಿನದೋ ಎಂಬುದನ್ನೂ ಕೇಳಬೇಕು. ಕೊನೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಇವುಗಳಲ್ಲಿ ಯಾವುದನ್ನು ನಮ್ಮ ಸಿಬ್ಬಂದಿಗೆ ಹೇಳಬಹುದು, ಯಾವುದು ನನ್ನ ಬಳಿಯೇ ಇರಬೇಕು? ಈ ಪ್ರಶ್ನೆ ಕೇಳಿದ ಕೂಡಲೇ ಆ ಕಡೆಯ ದನಿ ಸಡಿಲವಾಗುವುದನ್ನು ನಾನು ಗಮನಿಸಿದ್ದೇನೆ. ಅಲ್ಲಿಯವರೆಗೆ ಹೇಳದಿದ್ದ ಮುಖ್ಯ ವಿಷಯಗಳು ಅದಾದ ಮೇಲೆ ಬರುತ್ತವೆ.

ಇಷ್ಟಾನಿಷ್ಟಗಳನ್ನು ಕೆಲಸವಾಗಿ ಬರೆಯಿರಿ

"ಅತಿಥಿಗೆ ಸುವಾಸನೆ ಆಗುವುದಿಲ್ಲ" ಎಂಬುದು ಮಾಹಿತಿ. ಅದನ್ನು ಓದಿದವರು ತಲೆಯಾಡಿಸಿ ಹೋಗುತ್ತಾರೆ. "ಭಾನುವಾರ ಮಧ್ಯಾಹ್ನ 2ರಿಂದ ಲಾಬಿಯಲ್ಲಿ ಊದಿನಕಡ್ಡಿ, ಧೂಪ ಹಚ್ಚಬಾರದು, ಕೊಠಡಿಯಲ್ಲಿ ರೂಮ್ ಫ್ರೆಶ್ನರ್ ಹೊಡೆಯಬಾರದು, ನೆಲ ಒರೆಸುವ ನೀರಿಗೆ ವಾಸನೆಯ ಫಿನಾಯಿಲ್ ಹಾಕಬಾರದು, ಮಲ್ಲಿಗೆ, ಸುಗಂಧರಾಜ ತರಬಾರದು" ಎಂಬುದು ಕೆಲಸ. ಪ್ರತಿಯೊಂದು ಇಷ್ಟಾನಿಷ್ಟವೂ ಯಾರು, ಏನನ್ನು, ಎಷ್ಟು ಹೊತ್ತಿಗೆ ಎಂಬ ಮೂರು ಅಂಶಗಳೊಡನೆ ಪತ್ರಕ್ಕೆ ಬರಬೇಕು. ಮೈಸೂರಿನ ಹೋಟೆಲುಗಳಲ್ಲಿ ಗಂಧದ ಊದಿನಕಡ್ಡಿಯೂ ಮಲ್ಲಿಗೆ ಹಾರವೂ ಯಾರೂ ಹೇಳದೆಯೇ ಆಗುವ ಸ್ವಾಗತ. ಹೀಗೆ ಅಭ್ಯಾಸಬಲದಿಂದ ಆಗುವುದನ್ನು ತಡೆಯಬೇಕಾದಾಗ, ಸುಮ್ಮನೆ ಬೇಡ ಎಂದರೆ ಸಾಲದು, ಅದನ್ನು ದಿನವೂ ಮಾಡುವವರ ಹುದ್ದೆಯನ್ನೇ ಬರೆದು ಹೇಳಬೇಕು. ಆರತಿ, ಮೈಸೂರು ಪೇಟ, ಶಾಲುಗಳಿಗೂ ಇದೇ ಮಾತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರೋಗ್ಯದ ಸಂಗತಿಗಳಲ್ಲಿ ಕೆಲವನ್ನು ಕಾರಣ ಹೇಳದೆ ಬರೆಯಬೇಕು, ಕೆಲವನ್ನು ಕಾರಣ ಹೇಳಿಯೇ ಬರೆಯಬೇಕು.

ಇನ್ಸುಲಿನ್ ಮೊದಲ ಬಗೆಯದು. ಊಟಕ್ಕೆ ಸ್ವಲ್ಪ ಮುಂಚೆ ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದರೆ ರೂಮ್ ಸರ್ವಿಸ್‌ನವರಿಗೆ ಕಾಯಿಲೆಯ ಹೆಸರು ಬೇಕಿಲ್ಲ. "ರಾತ್ರಿ ಊಟ 7:30ಕ್ಕೆ ಕೊಠಡಿಯ ಮೇಜಿನ ಮೇಲೆ ಇರಬೇಕು. ತಡವಾಗುವ ಸೂಚನೆ ಕಂಡರೆ 7:10ರೊಳಗೆ ಡ್ಯೂಟಿ ಮ್ಯಾನೇಜರಿಗೆ ಹೇಳಬೇಕು, ಅವರು ಅತಿಥಿಗೆ ಫೋನ್ ಮಾಡುತ್ತಾರೆ" ಎಂದು ಬರೆದರೆ ಕೆಲಸ ಪೂರ್ತಿಯಾಗುತ್ತದೆ. 7:10 ಎಂದು ಇಟ್ಟಿರುವುದು ಅತಿಥಿ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲೇ ಸುದ್ದಿ ಮುಟ್ಟಲೆಂದು. ಅದು ಪತ್ರ ಬರೆಯುವವರಿಗೆ ಗೊತ್ತಿದ್ದರೆ ಸಾಕು. ಇನ್ನೂ ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ್ದರಿಂದ ಕೊಠಡಿಯ ಸಣ್ಣ ಫ್ರಿಜ್ಜಿನ ಬಗ್ಗೆಯೂ ಯೋಚಿಸಬೇಕು. ಕೀ ಕಾರ್ಡ್ ಹೊರತೆಗೆದೊಡನೆ ಕೊಠಡಿಯ ವಿದ್ಯುತ್ ನಿಲ್ಲುವ ವ್ಯವಸ್ಥೆ ಇರುವ ಕೆಲವು ಕಡೆ ಫ್ರಿಜ್ ಕೂಡ ಆರುತ್ತದೆ, ಅತಿಥಿ ಹೊರಗೆ ಹೋಗಿ ಬರುವಷ್ಟರಲ್ಲಿ ಒಳಗಿನದೆಲ್ಲ ಬೆಚ್ಚಗಾಗಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಕೊಡುವ ಸೂಚನೆ ಇಷ್ಟೇ: "ಫ್ರಿಜ್ಜಿಗೆ ನೇರ ಲೈನ್ ಕೊಡಿ. ಕಾರ್ಡ್ ತೆಗೆದು ಅರ್ಧ ಗಂಟೆ ಬಿಟ್ಟು, ಫ್ರಿಜ್ ಓಡುತ್ತಿದೆಯೇ ನೋಡಿ. ಒಳಗೆ ಥರ್ಮಾಮೀಟರ್ ಇಟ್ಟು ಓದಿ ಹೇಳಿ." ಥರ್ಮಾಮೀಟರ್ ಇಡುವುದು ಏಕೆಂದರೆ, ಸಣ್ಣ ಫ್ರಿಜ್ಜಿನಲ್ಲಿ ತಣ್ಣನೆಯ ಫಲಕಕ್ಕೆ ತಾಗಿದ ವಸ್ತು ಹೆಪ್ಪುಗಟ್ಟುವುದುಂಟು, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ.

ಅಲರ್ಜಿ ಎರಡನೆಯ ಬಗೆಯದು. "ಕಡಲೆಕಾಯಿ ಬೇಡ" ಎಂದಷ್ಟೇ ಬರೆದರೆ ಅಡುಗೆಯವರು ಅದನ್ನು ರುಚಿಯ ಮಾತೆಂದು ತಿಳಿಯುತ್ತಾರೆ; ಪುಳಿಯೋಗರೆಯ ಮೇಲಿನ ಕಡಲೆಕಾಯಿ ಆರಿಸಿ ತೆಗೆದು ಕಳಿಸುತ್ತಾರೆ. ಅಲರ್ಜಿ ಇರುವವರಿಗೆ ಅಷ್ಟೇ ಸಾಕು ಉಸಿರು ಕಟ್ಟಲು. ಆದ್ದರಿಂದ ಇಲ್ಲಿ ಪ್ರಾಣಾಪಾಯ ಎಂಬ ಪದವನ್ನೇ ಬಳಸಬೇಕು, ಯಾವ ಯಾವ ಪದಾರ್ಥಗಳಲ್ಲಿ ಅದು ಅಡಗಿರುತ್ತದೆ ಎಂಬುದನ್ನು ಶೆಫ್ ಜೊತೆ ಕೂತು ಪಟ್ಟಿ ಮಾಡಬೇಕು: ಪುಳಿಯೋಗರೆ, ಚಿತ್ರಾನ್ನ, ಅವಲಕ್ಕಿ, ಕೆಲವು ಚಟ್ನಿಗಳು, ಚಟ್ನಿಪುಡಿ, ಗೊಜ್ಜು, ಗ್ರೇವಿಗೆ ಹಾಕುವ ಪೇಸ್ಟ್, ಮತ್ತು ಎಲ್ಲಕ್ಕಿಂತ ಮೊದಲು ಕರಿಯುವ ಎಣ್ಣೆ. ಉತ್ತರ ಕರ್ನಾಟಕದ ಅಡುಗೆಯವರಿದ್ದರೆ ಶೇಂಗಾ ಎಂದೂ ಸೇರಿಸಿ ಬರೆಯಿರಿ. ಅವಸರದಲ್ಲಿ ಬರೀ "ಕಡಲೆ" ಎಂದು ಬರೆದರೆ ಕಡಲೆಬೇಳೆ, ಹುರಿಗಡಲೆ ಬಿಟ್ಟು ಕಡಲೆಕಾಯಿ ಉಳಿದುಕೊಳ್ಳುವ ಸಂಭವವಿದೆ. ಆ ಎರಡು ದಿನ ಈ ಅತಿಥಿಯ ಅಡುಗೆಗೆ ಬೇರೆ ಬಾಣಲೆ, ಬೇರೆ ಸೌಟು, ಹೊಸದಾಗಿ ಒಡೆದ ಸೂರ್ಯಕಾಂತಿ ಎಣ್ಣೆ, ಒಂದು ಶಿಫ್ಟಿಗೆ ಒಬ್ಬರೇ ಜವಾಬ್ದಾರಿಯ ಅಡುಗೆಯವರು ಎಂದು ನಿಗದಿ ಮಾಡಬೇಕು. ಕೊಠಡಿಯಲ್ಲಿ ಇಡುವ ಸ್ವಾಗತದ ತಿಂಡಿ, ಮಿನಿಬಾರಿನ ಪೊಟ್ಟಣಗಳು ಅಡುಗೆಮನೆಯ ಕೈಗೆ ಬರುವುದಿಲ್ಲ, ಹೌಸ್‌ಕೀಪಿಂಗ್‌ನವರು ಇಡುತ್ತಾರೆ; ಅವರ ಹಾಳೆಯಲ್ಲೂ ಇದನ್ನು ಬರೆಯದಿದ್ದರೆ ಅಡುಗೆಮನೆಯ ಎಚ್ಚರವೆಲ್ಲ ವ್ಯರ್ಥ.

ಕೊಠಡಿಯ ಪೀಠೋಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಗ್ಗಿನ ಸೋಫಾ ತೆಗೆದು, ಕೈಯೂರಿ ಏಳಲು ಬರುವ, ಗಟ್ಟಿ ಕೂರುವ ಕುರ್ಚಿ ಇಡಬೇಕು. ಅಂಚು ಮೇಲೆದ್ದ ರತ್ನಗಂಬಳಿಯನ್ನು ಸುತ್ತಿ ಎತ್ತಿಡಬೇಕು. ಸ್ನಾನದ ಮನೆಯಲ್ಲಿ ಜಾರದ ರಬ್ಬರ್ ಹಾಸು, ಸ್ಟೂಲ್, ಗೋಡೆಯ ಹಿಡಿಕೆ ಇರಬೇಕು. ಹಿಡಿಕೆಯನ್ನು ಒಬ್ಬರು ಪೂರ್ತಿ ಭಾರ ಬಿಟ್ಟು ಎಳೆದು ನೋಡಿರಬೇಕು.

ದಾರಿಯನ್ನು ನಡೆದು ನೋಡಿ ಬರೆಯಿರಿ

ದಾರಿ ಎಂದರೆ ಎರಡು: ಊರಿನಿಂದ ಗೇಟಿನವರೆಗಿನದು, ಗೇಟಿನಿಂದ ಹಾಸಿಗೆಯವರೆಗಿನದು. ಮೊದಲನೆಯದನ್ನು ಲೆಕ್ಕ ಹಾಕಬೇಕು, ಎರಡನೆಯದನ್ನು ನಡೆಯಬೇಕು.

ದೇವನಹಳ್ಳಿಯಿಂದ ಮೈಸೂರಿಗೆ 180 ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರು ದಾಟುವ ಹೊತ್ತನ್ನು ಸೇರಿಸಿದರೆ ನಾಲ್ಕು ಗಂಟೆ ಹಿಡಿಯುವುದು ಕ್ಷೇಮ. ವೀಲ್‌ಚೇರ್‌ನಲ್ಲಿ ಇಳಿದು ಸಾಮಾನು ಪಡೆದು ಕಾರು ಹತ್ತಲು ಮುಕ್ಕಾಲು ಗಂಟೆ, ದಾರಿಯಲ್ಲಿ ಒಂದು ನಿಲುಗಡೆಗೆ ಅರ್ಧ ಗಂಟೆ. 12:30ಕ್ಕೆ ವಿಮಾನ ಇಳಿದರೆ ಹೋಟೆಲು ಮುಟ್ಟುವುದು ಸುಮಾರು 5:45ಕ್ಕೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ರಿಂದ ಅರಮನೆಗೆ ದೀಪ ಹಾಕುತ್ತಾರೆ. ಆರು ಗಂಟೆ ಕಳೆಯುತ್ತಿದ್ದಂತೆ ಸುತ್ತಲಿನ ರಸ್ತೆಗಳಲ್ಲಿ ವಾಹನವೂ ಜನವೂ ತುಂಬುತ್ತಾರೆ. ಅಂದರೆ ಈ ಯೋಜನೆಗೆ ಕಾಲು ಗಂಟೆಯಷ್ಟೇ ಬಿಡುವಿದೆ, ವಿಮಾನ ಒಂದು ಗಂಟೆ ತಡವಾದರೆ ಕಾರು ಜನಜಂಗುಳಿಯ ನಡುವೆ, ಕಿಟಕಿಗೆ ಮುಖವಿಟ್ಟು ನೋಡುವವರ ಪಕ್ಕದಲ್ಲೇ ನಿಲ್ಲುತ್ತದೆ. ಆದ್ದರಿಂದ ಪತ್ರದಲ್ಲಿ ಎರಡು ದಾರಿ ಬರೆಯಬೇಕು. ವಿಮಾನ 12:45ರೊಳಗೆ ಇಳಿದರೆ ಊರೊಳಗಿನ ನೇರ ದಾರಿ. ಅದಕ್ಕಿಂತ ತಡವಾದರೆ ರಿಂಗ್ ರೋಡ್ ಹಿಡಿದು ಅರಮನೆಯ ಕಡೆಗೆ ಬಾರದೆ ಹಿಂದಿನಿಂದ ಹೋಟೆಲು ಸೇರುವ ದಾರಿ. ಯಾವ ದಾರಿ ಎಂದು ತೀರ್ಮಾನಿಸುವವರು ಡ್ಯೂಟಿ ಮ್ಯಾನೇಜರ್ ಒಬ್ಬರೇ, ಡ್ರೈವರ್ ಅಲ್ಲ, ಏಕೆಂದರೆ ಅರಮನೆಯ ಬಳಿಯ ಪರಿಸ್ಥಿತಿ ಕಣ್ಣಿಗೆ ಕಾಣುವುದು ಊರಲ್ಲಿ ಇರುವವರಿಗೆ.

ಡ್ರೈವರ್ ಮೂರು ಕಡೆಯಿಂದ ಸಂದೇಶ ಕಳಿಸಿದರೆ ಸಾಕು: ವಿಮಾನ ನಿಲ್ದಾಣ ಬಿಟ್ಟಾಗ, ಶ್ರೀರಂಗಪಟ್ಟಣದ ಹತ್ತಿರದ ಗಣಂಗೂರು ಟೋಲ್ ದಾಟಿದಾಗ, ಹೋಟೆಲಿನ ರಸ್ತೆಗೆ ತಿರುಗುವ ಮುನ್ನ. ಸಂದೇಶದಲ್ಲಿ ಅತಿಥಿಯ ಹೆಸರು ಇರಬಾರದು, "ಒಂದು", "ಎರಡು", "ಮೂರು" ಎಂದಷ್ಟೇ ಇರಬೇಕು. ವಿಮಾನ ನಿಲ್ದಾಣದಲ್ಲಿ ಹಿಡಿಯುವ ಫಲಕದಲ್ಲಿ ಮಗಳು ಸೂಚಿಸಿದ ಬೇರೊಂದು ಹೆಸರಿರಬೇಕು. ಎಷ್ಟೋ ಕಡೆ ತಿಂಗಳುಗಟ್ಟಲೆ ಕಾಪಾಡಿದ ಗುಟ್ಟನ್ನು ಆ ಫಲಕವೇ ಸಾವಿರ ಜನರಿಗೆ ಓದಿಸಿಬಿಡುತ್ತದೆ.

ಇನ್ನು ಗೇಟಿನಿಂದ ಒಳಗೆ. ವೀಲ್‌ಚೇರ್‌ನಲ್ಲಿ ಸಿಬ್ಬಂದಿಯೊಬ್ಬರನ್ನು ಕೂರಿಸಿ, ಅತಿಥಿ ಬರುವ ಹೊತ್ತಿಗೇ, ಅಂದರೆ ಹಿಂದಿನ ದಿನ ಸಂಜೆ 5:45ಕ್ಕೆ, ಇಡೀ ದಾರಿಯನ್ನು ತಳ್ಳಿಕೊಂಡು ಹೋಗಿ. ಖಾಲಿ ಕುರ್ಚಿ ಎಲ್ಲ ಕಡೆಯೂ ಸಲೀಸಾಗಿ ಹೋಗುತ್ತದೆ. ಭಾರ ಕೂತಾಗಲೇ ಹೊಸ್ತಿಲು ತಡೆಯುವುದು, ಲಿಫ್ಟಿನ ನೆಲ ಒಂದಿಷ್ಟು ತಗ್ಗಿ ನಿಲ್ಲುವುದು, ಪಾದದ ಹಲಗೆ ಬಾಗಿಲಿಗೆ ತಾಗುವುದು ತಿಳಿಯುತ್ತದೆ. ನಮ್ಮ ಉದಾಹರಣೆಯ ಬಂಗಲೆಯಲ್ಲಿ ಮುಂಬಾಗಿಲಿಗೆ ಮೆಟ್ಟಿಲುಗಳು ಹೆಚ್ಚು, ಲಾಬಿಯ ಎದುರಿಗೇ ರೆಸ್ಟೋರೆಂಟ್. ಪಕ್ಕದ ಬಾಗಿಲಿಗೆ 15 ಸೆಂಟಿಮೀಟರಿನ ಮೂರು ಮೆಟ್ಟಿಲು, ಒಟ್ಟು 45 ಸೆಂಟಿಮೀಟರ್ ಎತ್ತರ. ಇಳಿಜಾರು ಒಂದಕ್ಕೆ ಹನ್ನೆರಡರಂತೆ ಇರಬೇಕೆಂಬುದು ಒಪ್ಪಿತ ಅಳತೆ. ಹಾಗಾದರೆ ಹಲಗೆಯ ಇಳಿಜಾರು 5.4 ಮೀಟರ್ ಉದ್ದವಿರಬೇಕು. ಎರಡು ಮೀಟರಿನ ಹಲಗೆ ಒರಗಿಸಿ ನಾಲ್ಕು ಜನ ಹಿಡಿದು ಎತ್ತುವುದು ಅತಿಥಿಗೂ ಅಪಾಯ, ನೋಡುವವರಿಗೂ ದೃಶ್ಯ. ಆ 5.4 ಮೀಟರಿಗೆ ಪಕ್ಕದ ಅಂಗಳದಲ್ಲಿ ಜಾಗವಿದೆಯೇ, ಕಾರು ಅದರ ತುದಿಯಲ್ಲಿ ಬಾಗಿಲು ಪೂರ್ತಿ ತೆರೆಯುವಂತೆ ನಿಲ್ಲಬಲ್ಲದೇ ಎಂದು ಅಳೆದು, ಕಾರು ನಿಲ್ಲಬೇಕಾದ ಕಡೆ ಸುಣ್ಣದಲ್ಲಿ ಗುರುತು ಹಾಕಬೇಕು.

ಹಿಂದಿನ ದಿನ ಅದೇ ಹೊತ್ತಿಗೆ ನಡೆದು ನೋಡುವುದರ ಇನ್ನೊಂದು ಲಾಭ ದಿನಚರಿಯ ಅಡ್ಡಿಗಳು ಕಣ್ಣಿಗೆ ಬೀಳುವುದು. ಪಕ್ಕದ ಅಂಗಳಕ್ಕೆ ಸಂಜೆ ಕಸದ ಗಾಡಿ ಬರುತ್ತದೆ, ಲಾಂಡ್ರಿಯ ಟ್ರಾಲಿಗಳು ಕಾರಿಡಾರಿನಲ್ಲಿ ಸಾಲಾಗಿ ನಿಂತಿರುತ್ತವೆ, ಶಿಫ್ಟ್ ಮುಗಿಸಿದವರು ಅದೇ ಬಾಗಿಲಲ್ಲಿ ಹೊರಡುತ್ತಾರೆ. ಇವೆಲ್ಲಕ್ಕೂ ಬೇರೆ ಹೊತ್ತನ್ನೋ ಬೇರೆ ಬಾಗಿಲನ್ನೋ ಪತ್ರದಲ್ಲಿ ಬರೆಯಬೇಕು. ಲಿಫ್ಟನ್ನು ನೆಲಮಹಡಿಯಲ್ಲಿ ಹಿಡಿದು ನಿಲ್ಲಿಸುವವರು ಯಾರು, ಕರೆಂಟು ಹೋದರೆ ಜನರೇಟರ್ ಹತ್ತಿಕೊಳ್ಳಲು ಎಷ್ಟು ಸೆಕೆಂಡು, ಅಷ್ಟು ಹೊತ್ತು ಲಿಫ್ಟಿನ ಒಳಗೆ ದೀಪ ಇರುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಬಹುದು.

ಗೌಪ್ಯತೆ: ಏನು ಹೇಳಬಾರದು ಎನ್ನುವುದಕ್ಕಿಂತ ಏನು ಹೇಳಬೇಕು ಎಂಬುದನ್ನು ಕೊಡಿ

"ಗೌಪ್ಯತೆ ಕಾಪಾಡತಕ್ಕದ್ದು" ಎಂಬ ವಾಕ್ಯದಿಂದ ಆಪರೇಟರಿಗೆ ಯಾವ ನೆರವೂ ಆಗುವುದಿಲ್ಲ. ಫೋನಿನ ಆ ಕಡೆಯವರು "ಅವರು ನಿಮ್ಮಲ್ಲೇ ಇದ್ದಾರಂತಲ್ಲ, ನಾನು ಅವರ ಸಂಬಂಧಿ, ಒಂದು ನಿಮಿಷ ಕೊಡಿ" ಎಂದಾಗ ಬಾಯಿಗೆ ಬರಬೇಕಾದ ವಾಕ್ಯವನ್ನು ಅಕ್ಷರಶಃ ಬರೆದುಕೊಡಬೇಕು: "ಕ್ಷಮಿಸಿ ಸರ್, ಯಾರು ತಂಗಿದ್ದಾರೆ, ಯಾರು ತಂಗಿಲ್ಲ ಎಂಬುದನ್ನು ನಾವು ಫೋನಿನಲ್ಲಿ ಹೇಳುವುದಿಲ್ಲ. ನಿಮ್ಮ ಹೆಸರು, ನಂಬರ್ ಕೊಟ್ಟರೆ ನಮ್ಮ ಮ್ಯಾನೇಜರಿಗೆ ತಲುಪಿಸುತ್ತೇನೆ."

ಈ ಉತ್ತರದ ಬಲ ಇರುವುದು ಅದನ್ನು ಎಲ್ಲರ ವಿಷಯದಲ್ಲೂ, ಎಲ್ಲ ದಿನವೂ ಹೇಳುವುದರಲ್ಲಿ. ಬೇರೆ ಅತಿಥಿಗಳ ಬಗ್ಗೆ ಕೇಳಿದಾಗ "ಹೌದು, 204ರಲ್ಲಿ ಇದ್ದಾರೆ, ಲೈನ್ ಕೊಡುತ್ತೇನೆ" ಎನ್ನುವ ಹೋಟೆಲು, ಇವರೊಬ್ಬರ ಬಗ್ಗೆ ಮಾತ್ರ "ಹೇಳಲಾಗುವುದಿಲ್ಲ" ಎಂದರೆ ಅದೇ ಉತ್ತರವಾಯಿತು. ವರದಿಗಾರರಿಗೆ ಇದು ಚೆನ್ನಾಗಿ ಗೊತ್ತು; ಮೊದಲು ಬೇರೊಂದು ಹೆಸರು ಕೇಳಿ ನೋಡಿ ಆಮೇಲೆ ಬೇಕಾದ ಹೆಸರು ಕೇಳುತ್ತಾರೆ. "ಇಲ್ಲ, ಅವರು ಬಂದಿಲ್ಲ" ಎಂಬ ಸುಳ್ಳನ್ನು ಹೇಳಿಸುವುದನ್ನು ನಾನು ಒಪ್ಪುವುದಿಲ್ಲ. ಮರುದಿನ ಫೋಟೊ ಹೊರಬಿದ್ದರೆ ಆ ಸುಳ್ಳಿನ ಹೊರೆ ಆಪರೇಟರ್ ಹೆಗಲಿಗೆ ಬೀಳುತ್ತದೆ.

ಬಾಯಿಗಿಂತ ಹೆಚ್ಚಾಗಿ ಗುಟ್ಟು ಹೊರಹೋಗುವುದು ವಸ್ತುಗಳಿಂದ. ಲಾಂಡ್ರಿಯ ಚೀಟಿಯಲ್ಲಿ ಹೆಸರು ಇರುತ್ತದೆ. ರೂಮ್ ಸರ್ವಿಸ್‌ನಿಂದ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ, ಅಂದರೆ ಕೆ.ಒ.ಟಿ.ಯಲ್ಲಿ, ಹೆಸರು ತಾನಾಗಿಯೇ ಮುದ್ರಣವಾಗುತ್ತದೆ. ಸ್ವಾಗತದ ಕೇಕಿನ ಮೇಲೆ ಬೇಕರಿಯವರು ಹೆಸರು ಬರೆಯುತ್ತಾರೆ. ಕಸದ ಬುಟ್ಟಿಯಲ್ಲಿ ಔಷಧಿಯ ಪಟ್ಟಿ, ವಿಮಾನದ ಬೋರ್ಡಿಂಗ್ ಪಾಸ್ ಬಿದ್ದಿರುತ್ತವೆ. ಆದ್ದರಿಂದ ಹೋಟೆಲಿನ ತಂತ್ರಾಂಶದಲ್ಲಿ ತೋರುವ ಹೆಸರನ್ನು ಬದಲಿಸಿ, ಕೊಠಡಿಯ ಕಸವನ್ನು ಬೇರೆ ಚೀಲದಲ್ಲಿ ಕಟ್ಟಿ ಹೌಸ್‌ಕೀಪಿಂಗ್ ಮೇಲ್ವಿಚಾರಕರ ಕೈಗೇ ಕೊಡಬೇಕು, ಕಾಗದಗಳನ್ನು ಅವರು ಯಂತ್ರದಲ್ಲಿ ಕತ್ತರಿಸಬೇಕು ಎಂದು ಬರೆಯಬೇಕು. ಬದಲಿ ಹೆಸರು ತೋರಿಕೆಗೆ ಮಾತ್ರ. ನೋಂದಣಿಯಲ್ಲಿ ನಿಜವಾದ ಹೆಸರು, ಗುರುತಿನ ಚೀಟಿ ಇರಲೇಬೇಕು. ಅತಿಥಿ ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಆ ದಾಖಲೆಗಳು ಫ್ರಂಟ್ ಆಫೀಸ್ ಮ್ಯಾನೇಜರ್ ಬಳಿ ಇರುತ್ತವೆ, ಪೊಲೀಸರು ವಿಚಾರಿಸಿದರೆ ಉತ್ತರಿಸುವವರೂ ಅವರೇ.

ಗೌಪ್ಯತೆಗೆ ಒಂದು ಎಲ್ಲೆ ಹಾಕಲೇಬೇಕು. ಬೆಂಕಿಯಾದರೆ ಲಿಫ್ಟ್ ಬಳಸುವಂತಿಲ್ಲ, ಈ ಅತಿಥಿ ಮೆಟ್ಟಿಲಿಳಿಯಲಾರರು. ಆ ಶಿಫ್ಟಿನ ಸೆಕ್ಯುರಿಟಿ ಮುಖ್ಯಸ್ಥರಿಗೂ ರಾತ್ರಿಯ ಡ್ಯೂಟಿ ಮ್ಯಾನೇಜರಿಗೂ ಕೊಠಡಿ ಸಂಖ್ಯೆಯೂ ಈ ಸಂಗತಿಯೂ ಗೊತ್ತಿರಬೇಕು, ಅವರನ್ನು ಎತ್ತಿ ತರುವ ಇಬ್ಬರು ಯಾರೆಂದು ಮೊದಲೇ ನಿಗದಿಯಾಗಿರಬೇಕು. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಕಂಡರೆ ಯಾರ ಅನುಮತಿಗೂ ಕಾಯದೆ 108ಕ್ಕೆ ಕರೆ ಮಾಡಬಹುದು ಎಂದು ಸ್ಪಷ್ಟವಾಗಿ ಬರೆಯಬೇಕು. ಗುಟ್ಟು ಉಳಿಸಲೆಂದು ಹತ್ತು ನಿಮಿಷ ಮ್ಯಾನೇಜರಿಗಾಗಿ ಹುಡುಕುವ ಸಿಬ್ಬಂದಿಯನ್ನು ನಮ್ಮ ಪತ್ರವೇ ತಯಾರು ಮಾಡಬಾರದು.

ಪತ್ರವನ್ನು ಹಂಚುವ ಕ್ರಮ

ಎಲ್ಲರಿಗೂ ಒಂದೇ ಪತ್ರ ಬೇಡ. ಪೂರ್ಣ ಪತ್ರ ಮೂವರ ಬಳಿ ಇರಲಿ: ಜನರಲ್ ಮ್ಯಾನೇಜರ್, ಫ್ರಂಟ್ ಆಫೀಸ್ ಮ್ಯಾನೇಜರ್, ಆ ಹೊತ್ತಿನ ಡ್ಯೂಟಿ ಮ್ಯಾನೇಜರ್. ಉಳಿದವರಿಗೆ ವಿಭಾಗಕ್ಕೊಂದು ಅರ್ಧ ಹಾಳೆ, ಅವರು ಓದುವ ಭಾಷೆಯಲ್ಲಿ. ಅಡುಗೆಮನೆಯ ಹಾಳೆ ಹೀಗಿರಬಹುದು:

"ಭಾನುವಾರ ಸಂಜೆಯಿಂದ ಮಂಗಳವಾರ ಬೆಳಗಿನವರೆಗೆ, ‘ತೋಟ’ ಎಂದು ಗುರುತು ಹಾಕಿ ಬರುವ ಎಲ್ಲ ಆರ್ಡರುಗಳಿಗೆ ಈ ಸೂಚನೆ ಅನ್ವಯಿಸುತ್ತದೆ. ಕಡಲೆಕಾಯಿ (ಶೇಂಗಾ) ಮತ್ತು ಅದರ ಎಣ್ಣೆ ಪ್ರಾಣಾಪಾಯ. ಆರಿಸಿ ತೆಗೆದರೆ ಸಾಲದು. ಹಸಿರು ಪಟ್ಟಿ ಕಟ್ಟಿದ ಪಾತ್ರೆ, ಸೌಟುಗಳನ್ನು ಮಾತ್ರ ಬಳಸಬೇಕು. ಸಸ್ಯಾಹಾರ, ಮೊಟ್ಟೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಆಗಬಹುದು. ರಾತ್ರಿ ಊಟ 7:30ಕ್ಕೆ ಕೊಠಡಿಯಲ್ಲಿ ಇರಬೇಕು; ತಡವಾಗುವಂತಿದ್ದರೆ 7:10ರೊಳಗೆ ಡ್ಯೂಟಿ ಮ್ಯಾನೇಜರಿಗೆ ತಿಳಿಸಬೇಕು. ಯಾವ ಪದಾರ್ಥದ ಬಗ್ಗೆಯಾದರೂ ಅನುಮಾನ ಬಂದರೆ ಅದನ್ನು ಕಳಿಸಬಾರದು, ಕೇಳಬೇಕು."

ಇದರಲ್ಲಿ ಹೆಸರಿಲ್ಲ, ಕೊಠಡಿ ಸಂಖ್ಯೆಯಿಲ್ಲ, ಕಾಯಿಲೆಯ ಹೆಸರಿಲ್ಲ. ಇದರ ಫೋಟೊ ಯಾರ ಕೈಗೆ ಸಿಕ್ಕರೂ ಯಾರು ಬರುತ್ತಿದ್ದಾರೆಂದು ತಿಳಿಯುವುದಿಲ್ಲ. ಗೇಟಿನ ಹಾಳೆಯಲ್ಲಿ ಕಾರಿನ ನಂಬರ್, ಪಕ್ಕದ ಅಂಗಳಕ್ಕೆ ಬಿಡಬೇಕೆಂಬ ಸೂಚನೆ, ಕಾರನ್ನು ನಿಲ್ಲಿಸಿ ಒಳಗೆ ಇಣುಕಬಾರದೆಂಬ ಮಾತು ಇದ್ದರೆ ಸಾಕು. ಅದನ್ನು ಸಂದೇಶ "ಎರಡು" ಬಂದ ಮೇಲೆ, ಅಂದರೆ ಅರ್ಧ ಗಂಟೆ ಮುಂಚೆ ಕೊಟ್ಟರೆ ಸಾಕು.

ಹಾಳೆಗಳನ್ನು ಕೈಗೆ ಕೊಟ್ಟು ಕಳಿಸಬೇಡಿ. ಮಧ್ಯಾಹ್ನದ ಶಿಫ್ಟ್ ಬದಲಾಗುವಾಗ ಎರಡೂ ತಂಡಗಳು ಇರುವ ಹೊತ್ತು ನೋಡಿ, ಹದಿನೈದು ನಿಮಿಷ ನಿಂತು ಓದಿಸಿ, ಆಮೇಲೆ ಪ್ರತಿಯೊಬ್ಬರಿಂದಲೂ ಅವರವರ ಪಾಲಿನ ಕೆಲಸವನ್ನು ಅವರ ಮಾತಿನಲ್ಲೇ ಹೇಳಿಸಿ. "ಅರ್ಥವಾಯಿತೇ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. "ಇವತ್ತು 7:05ಕ್ಕೆ ತವಾ ಕೆಟ್ಟರೆ ಏನು ಮಾಡುತ್ತೀರಿ?" ಎಂದು ಕೇಳಿದರೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಸಭೆಗೆ ಬಾರದವರನ್ನು ಮರೆಯುವುದು ಸುಲಭ: ರಾತ್ರಿ ಪಾಳಿಯವರು, ಏಜೆನ್ಸಿಯಿಂದ ಬರುವ ಗೇಟಿನ ಕಾವಲುಗಾರರು, ಕಾರು ನಿಲ್ಲಿಸುವವರು, ಮರುದಿನ ವಾರದ ರಜೆ ಮುಗಿಸಿ ಬರುವ ರೂಮ್ ಬಾಯ್. ಸೋಮವಾರ ಬೆಳಿಗ್ಗೆ ಏನೂ ತಿಳಿಯದ ಹೊಸಬರೊಬ್ಬರು ಬಾಗಿಲು ತಟ್ಟಿ, ಮುಖ ಗುರುತಿಸಿ, ಸೆಲ್ಫಿ ಕೇಳಿದರೆ ಅದು ಅವರ ತಪ್ಪಲ್ಲ. ಅವರಿಗಾಗಿ ಪ್ರತಿ ಶಿಫ್ಟಿನ ಆರಂಭದಲ್ಲೂ ಇದೇ ಸಭೆಯನ್ನು ಚಿಕ್ಕದಾಗಿ ಮತ್ತೆ ನಡೆಸಬೇಕು. ಕೊಠಡಿಗೆ ಹೋಗುವವರು ಶಿಫ್ಟಿಗೆ ಒಬ್ಬರೇ ಇರಲಿ. ಅತಿಥಿಯನ್ನು "ಮೇಡಂ" ಎಂದಷ್ಟೇ ಕರೆಯಬೇಕು, ಸಿನಿಮಾದ ಮಾತು ಅವರೇ ಎತ್ತಿದ ಹೊರತು ಎತ್ತಬಾರದು ಎಂದು ಅವರಿಗೆ ಬೇರೆಯಾಗಿ ಹೇಳಿ.

ಅತಿಥಿ ಹೊರಟ ಮೇಲೂ ಪತ್ರದ ಕೆಲಸ ಮುಗಿದಿರುವುದಿಲ್ಲ. ಕೊಟ್ಟಷ್ಟೂ ಅರ್ಧ ಹಾಳೆಗಳನ್ನು ಎಣಿಸಿ ವಾಪಸು ಪಡೆದು ಕತ್ತರಿಸಬೇಕು. "ನಮ್ಮಲ್ಲಿ ತಂಗಿದ್ದರು" ಎಂಬ ಪೋಸ್ಟನ್ನು ಹೋಟೆಲಿನ ಪುಟದಲ್ಲೂ ಹಾಕಬಾರದು, ಸಿಬ್ಬಂದಿಯೂ ಹಾಕಬಾರದು. ಈ ನಿಯಮಕ್ಕೆ ಕೊನೆಯ ದಿನಾಂಕವಿಲ್ಲ ಎಂಬುದನ್ನು ಮೊದಲ ಸಭೆಯಲ್ಲೇ ಹೇಳಿರಬೇಕು. ಮುಂದಿನ ಭೇಟಿಗೆಂದು ಅತಿಥಿಯ ದಾಖಲೆಯಲ್ಲಿ ಉಳಿಸುವುದು ಕುರ್ಚಿ, ಊಟದ ಹೊತ್ತು, ಎ.ಸಿ.ಯ ಮಟ್ಟದಂಥವನ್ನು ಮಾತ್ರ. ಇನ್ಸುಲಿನ್, ಶಸ್ತ್ರಚಿಕಿತ್ಸೆ, ಅಲರ್ಜಿಗಳನ್ನು ಉಳಿಸಿಡಬಹುದೇ ಎಂದು ಮಗಳನ್ನು ಕೇಳಬೇಕು, ಬೇಡವೆಂದರೆ ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಉದ್ದೇಶಕ್ಕೆ ಮಾಹಿತಿ ಪಡೆದೆವೋ ಆ ಉದ್ದೇಶ ಮುಗಿದ ಮೇಲೆ ಅದನ್ನು ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳಬಾರದು. ಕೊನೆಯದಾಗಿ, ಪಕ್ಕದ ಅಂಗಳದ ಇಳಿಜಾರಿನ ಹಲಗೆಗಳನ್ನು ಬಿಚ್ಚಿ ಒಡೆಯದೆ, ಅಳತೆ ಬರೆದು ಉಗ್ರಾಣದಲ್ಲಿ ಇಡಿಸಿ. ವೀಲ್‌ಚೇರ್‌ನಲ್ಲಿ ಬರುವ ಮುಂದಿನ ಅತಿಥಿ ಯಾರೇ ಆಗಿರಲಿ, ಅವರಿಗೂ ಅವು ಬೇಕಾಗುತ್ತವೆ.